ತಡರಾತ್ರಿಯ ಊಟ, ಬೆಳಗಿನ ಜಡತ್ವ

ಪ್ರಶ್ನೆ: ಅಂಗಡಿ ಮುಚ್ಚಿ ಮನೆ ಸೇರಿ, ಹತ್ತೂವರೆಗೆ ಮುದ್ದೆ, ಸಾರು, ಅನ್ನ ಉಂಡು ಕೂಡಲೇ ಮಲಗುತ್ತೇನೆ. ನಿದ್ರೆ ಪದೇ ಪದೇ ಕೆಡುತ್ತದೆ. ಬೆಳಿಗ್ಗೆ ಮೈ ಭಾರವಾಗಿದ್ದು, ತಿಂಡಿ ಬೇಡವೆನಿಸುತ್ತದೆ. ಕಾರಣವೇನು?

ಉತ್ತರ: ಗಟ್ಟಿ ಆಹಾರ ಜಠರದಿಂದ ಕರುಳಿಗೆ ಸಾಗಲು ಸಾಮಾನ್ಯವಾಗಿ 4 ಗಂಟೆಯಷ್ಟು ಬೇಕು, ಜಿಡ್ಡು ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಮಲಗಿದಾಗ ಜಠರದ ಆಮ್ಲ ಅನ್ನನಾಳಕ್ಕೆ ಸುಲಭವಾಗಿ ಏರುವುದರಿಂದ, ಎದೆಯುರಿ ಸ್ಪಷ್ಟವಾಗಿ ಅರಿವಿಗೆ ಬಾರದಿದ್ದರೂ ನಿದ್ರೆ ತುಂಡಾಗಬಹುದು. ಬೆಳಗಿನ ಭಾರಕ್ಕೆ ಈ ಅರೆನಿದ್ರೆಯೂ ಕಾರಣ. ಮುದ್ದೆಯನ್ನಷ್ಟೇ ದೂರುವುದು ನ್ಯಾಯವಲ್ಲ. ಊಟಕ್ಕೂ ತಿಂಡಿಗೂ ನಡುವಿನ ಅಂತರ ಕಿರಿದಾದಾಗ ಹಸಿವು ಮಂದವಾಗುವುದು ಸಹಜ. ಸಂಜೆ ಏಳೂವರೆಗೆ ಅಂಗಡಿಯಲ್ಲೇ ಮುಖ್ಯ ಊಟ ಮುಗಿಸಿ, ಮನೆಯಲ್ಲಿ ಸ್ವಲ್ಪ ಮಜ್ಜಿಗೆ ಅನ್ನ ಮಾತ್ರ ಸೇವಿಸಿ ನೋಡಿ. ನುಂಗಲು ಕಷ್ಟವಾದರೆ ಅಥವಾ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಿರಿ.