ಅಕೌಂಟ್ಸ್ ಕೆಲಸದ ಬಗ್ಗೆ: ನಿನ್ನೆಯ ಮೆಸೇಜನ್ನು ತಿದ್ದಿ ಬರೆದಿದ್ದು

ನಮಸ್ಕಾರ ಮೇಡಂ,

ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಅವರು ಒಪ್ಪಿಯೂ ಆಗಿದೆ. ನಿನ್ನೆ ನಮ್ಮ ಆಫೀಸಿನಿಂದ 'ಸದ್ಯಕ್ಕೆ ಹೋಲ್ಡ್‌ನಲ್ಲಿದೆ' ಅಂತ ಮೆಸೇಜ್ ಬಂದಿತ್ತಲ್ವಾ, ಅದು ಸರಿಯಲ್ಲ, ಅದನ್ನು ನಂಬಿ ನೀವು ಸುಮ್ನೆ ಕಾಯಬಾರದು ಅಂತಲೇ ಮತ್ತೆ ಬರೆಯುತ್ತಿದ್ದೇನೆ. ಕ್ಷಮಿಸಿ.

ಕಾರಣ ಒಂದೇ. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ, ಎರಡನ್ನೂ ಬಂದವರು ಮೊದಲ ತಿಂಗಳಿನಿಂದಲೇ ಒಬ್ಬರೇ ಫೈಲ್ ಮಾಡಬೇಕು. ಹೇಳಿಕೊಡಲು ಈಗ ನಮ್ಮಲ್ಲಿ ಯಾರೂ ಇಲ್ಲ. ರಿಟರ್ನ್ ಸ್ವತಃ ಫೈಲ್ ಮಾಡಿಲ್ಲ ಅಂತ ನೀವೇ ಮುಚ್ಚಿಡದೆ ಹೇಳಿದಿರಿ. ಮಗುವಿಗಾಗಿ ಎರಡು ವರ್ಷ ಕೆಲಸ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಟ್ಯಾಲಿ ಟೆಸ್ಟ್‌ನಲ್ಲಿ ಕೊಟ್ಟ 40 ಬಿಲ್‌ಗಳಲ್ಲಿ ಒಂದು ಸಿಮೆಂಟ್ ಬಿಲ್ ಎರಡು ಸಲ ಎಂಟ್ರಿ ಆಗಿತ್ತು. ಬಂದ ಆರು ಜನರಲ್ಲಿ ಅದನ್ನು ಹಿಡಿದವರು ನೀವೊಬ್ಬರೇ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ತಾರೀಕನ್ನೂ ಬರೆದಿದ್ದಿರಿ. ಆ ಹಾಳೆ ಇನ್ನೂ ನನ್ನ ಟೇಬಲ್ ಮೇಲಿದೆ.

ಮುಂದೆ ಕರೆಯುತ್ತೇವೆ ಅಂತ ಬರೆಯುವುದಿಲ್ಲ, ಹತ್ತಿರದಲ್ಲಿ ಇಲ್ಲಿ ಬೇರೆ ಜಾಗ ಖಾಲಿಯಾಗುವ ಹಾಗಿಲ್ಲ. ಬೇರೆ ಕಡೆ ಬಂದ ಕೆಲಸ ಇದಕ್ಕಾಗಿ ತಡೆಹಿಡಿದಿದ್ದರೆ ಇವತ್ತೇ ಒಪ್ಪಿಕೊಳ್ಳಿ. ಟೆಸ್ಟ್ ಬಗ್ಗೆ ಏನಾದರೂ ಕೇಳಬೇಕೆಂದರೆ ಸಂಜೆ 5ರ ಮೇಲೆ ಇದೇ ನಂಬರಿಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ.

ಧಾರವಾಡದಿಂದ ಹುಬ್ಬಳ್ಳಿಗೆ ಎರಡು ಸಲ ಬಂದಿರಿ. ಥ್ಯಾಂಕ್ಸ್ ಮೇಡಂ.

ನಿಮ್ಮ ಸಂದರ್ಶನ ಮಾಡಿದ ಅಕೌಂಟ್ಸ್ ಮ್ಯಾನೇಜರ್