ಕೈಬರಹದ ಬಿಲ್ಲಿನ ಫೋಟೊ ಹೀಗೆ ತೆಗೆಯಿರಿ: ಕಲಬುರಗಿಯ ನೆಹರೂ ಗಂಜ್, ಸೂಪರ್ ಮಾರ್ಕೆಟ್ ಅಂಗಡಿಯವರಿಗೆ

ಸಾವ್ಕಾರ್ರೇ, ನಮಸ್ಕಾರ. ಈ ತಿಂಗಳಿಂದ ನೀವು ಕಳಿಸುವ ಖರೀದಿ ಬಿಲ್ಲುಗಳನ್ನು ನಿಮ್ಮ ಲೆಕ್ಕ ನೋಡುವ ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್ ಓದುತ್ತದೆ. ಆಮೇಲೆ ನಮ್ಮ ಹುಡುಗರು ಒಮ್ಮೆ ತಾಳೆ ನೋಡುತ್ತಾರೆ. ಫೋಟೊ ಚೆನ್ನಾಗಿದ್ದರೆ ನಿಮಗೆ ಫೋನ್ ಮಾಡಿ ಕಾಡುವುದಿಲ್ಲ. ಅಂಗಡಿಯಲ್ಲಿ ಫೋಟೊ ಯಾರು ತೆಗೆಯುತ್ತಾರೋ, ಮುನೀಮರೋ ಮಗನೋ, ಅವರಿಗೆ ಇದನ್ನು ಓದಿಸಿ.

1. ಮೊದಲು ಕ್ಯಾಮೆರಾ ಒರೆಸಿ. ಗಂಜ್‌ನಲ್ಲಿ ತೊಗರಿ ಹೊಟ್ಟಿನ ಧೂಳು ಎಲ್ಲ ಕಡೆ ಕೂರುತ್ತದೆ, ಎಣ್ಣೆ ಕೈ ಬೇರೆ. ಮೆತ್ತನೆ ಒಣಬಟ್ಟೆ ಸಾಕು.

2. ಬಿಲ್ಲನ್ನು ಬಿಡಿಸಿ ಇಡಿ. ಪಿನ್ ತೆಗೆಯಿರಿ, ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ, ಮಡಿಕೆಯನ್ನು ಕೈಯಿಂದ ತೀಡಿ. ಮಡಿಕೆಯ ಗೆರೆ ಅಂಕಿಯ ಮೇಲೆ ಬಂದರೆ 3 ಹೋಗಿ 8 ಆಗುತ್ತದೆ. ಬಿಲ್ಲಿನ ಕೆಳಗೆ ಕಪ್ಪು ಅಥವಾ ಗಾಢ ಬಣ್ಣದ ರಟ್ಟು ಇಡಿ, ಕಾಗದದ ನಾಲ್ಕೂ ಮೂಲೆ ಎದ್ದು ಕಾಣುತ್ತವೆ. ಲೆಕ್ಕದ ಪುಸ್ತಕದ ಮೇಲೆ ಇಡಬೇಡಿ, ಅದರ ಬರಹವೂ ಬಿಲ್ಲಿನ ಜೊತೆ ಸೇರಿಬಿಡುತ್ತದೆ. ಫ್ಯಾನ್ ಒಂದು ನಿಮಿಷ ಬಂದ್ ಮಾಡಿ. ಬೇಸಿಗೆಯಲ್ಲಿ ಇದು ಕಷ್ಟ, ಗೊತ್ತು!

3. ಬೆಳಕು. ಅಂಗಡಿ ಬಾಗಿಲ ಹತ್ತಿರ, ನೆರಳಿನಲ್ಲಿ ನಿಲ್ಲಿ. ನೇರ ಬಿಸಿಲು ಬೇಡ, ಫ್ಲ್ಯಾಶ್ ಅಂತೂ ಬೇಡವೇ ಬೇಡ. ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮದೇ ತಲೆಯ ನೆರಳು ಮೊತ್ತದ ಕಾಲಮಿನ ಮೇಲೆ ಬೀಳುತ್ತದೆ. ಸುಮ್ನೆ ಅರ್ಧ ಸುತ್ತು ತಿರುಗಿದರೆ ಆಯ್ತು.

4. ಫೋನನ್ನು ಬಿಲ್ಲಿನ ಮೇಲೆ ನೇರವಾಗಿ ಹಿಡಿಯಿರಿ, ಓರೆ ಬೇಡ. ಓರೆಯಾದರೆ ಒಂದು ಸಾಲಿನ ದರ ಮುಂದಿನ ಸಾಲಿನ ತೂಕಕ್ಕೆ ಹೋಗಿ ಕೂರುತ್ತದೆ. 0.5x ಬೇಡ, 1x ಇರಲಿ. ಬರಹದ ಮೇಲೆ ಒಮ್ಮೆ ಒತ್ತಿ, ಫೋಕಸ್ ಆದ ಮೇಲೆ ಕ್ಲಿಕ್ ಮಾಡಿ. ಒಂದು ಫೋಟೊಗೆ ಒಂದೇ ಬಿಲ್. ಉದ್ದ ಬಿಲ್ ಆದರೆ ಎರಡು ಫೋಟೊ ತೆಗೆಯಿರಿ, ಮೊದಲನೆಯದರ ಕೊನೆಯ ಎರಡು ಸಾಲು ಎರಡನೆಯದರಲ್ಲೂ ಬರಲಿ. ಬಿಲ್ಲಿನ ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದರ ಫೋಟೊವನ್ನೂ ತೆಗೆಯಿರಿ.

ಕಾರ್ಬನ್ ಪ್ರತಿಯಾದರೆ, ಅದರಲ್ಲೂ ಗುಲಾಬಿ, ಹಳದಿ ಕಾಗದವಾದರೆ, ಕಪ್ಪು-ಬಿಳುಪು ಫಿಲ್ಟರ್ ಹಾಕಬೇಡಿ. ತಿಳಿ ನೀಲಿ ಗೀಟು ಅಲ್ಲೇ ಮಾಯವಾಗುತ್ತದೆ. ಬಣ್ಣದ ಫೋಟೊನೇ ಕಳಿಸಿ.

5. ಕಳಿಸುವ ಮುಂಚೆ ಜೂಮ್ ಮಾಡಿ ಓದಿ. ಜಾಸ್ತಿ ತಪ್ಪಾಗುವುದು ಅಂಕಿಯಲ್ಲೇ. ಒಂದು ಉದಾಹರಣೆ ನೋಡಿ: ತೊಗರಿ ಬೇಳೆ 2 ಕ್ವಿಂಟಲ್, ದರ 11,200, ಹಮಾಲಿ 80, ಒಟ್ಟು 22,480/-. ಆ ಕೊನೆಯ ಓರೆಗೀಟು ಅಂಕಿಗೆ ಅಂಟಿಕೊಂಡಿದ್ದರೆ ಸಾಫ್ಟ್‌ವೇರ್ ಅದನ್ನು 1 ಅಂದುಕೊಂಡು 2,24,801 ಎಂದು ಓದಬಹುದು. ಎರಡು ಲಕ್ಷದ ಬೇಳೆ ನೀವು ತರಿಸಿಲ್ಲ, ಅಲ್ವಾ?

ನಮ್ಮ ಕಡೆ ಒಂದೇ ಬಜಾರಿನಲ್ಲಿ ನಾಲ್ಕು ಬಗೆಯ ಅಂಕಿ ಓಡಾಡುತ್ತವೆ. ಸೊಲ್ಲಾಪುರ, ಲಾತೂರ್ ಕಡೆಯ ಬಿಲ್ಲಿನ ಮರಾಠಿ १ ಇಂಗ್ಲಿಷಿನ 9ರಂತೆ ಕಾಣುತ್ತದೆ. ಉರ್ದುವಿನ ಸೊನ್ನೆ ಬರೀ ಚುಕ್ಕಿ, ಧೂಳಿನ ಕಣ ಅಂತಲೇ ಬಿಟ್ಟುಹೋಗುತ್ತದೆ. ಕನ್ನಡದ ೧ ಮತ್ತು ೦ ಅವಸರದ ಕೈಯಲ್ಲಿ ಒಂದೇ ಆಗುತ್ತವೆ. ಇಂಥ ಬಿಲ್ ಇದ್ದರೆ ಮೊತ್ತವನ್ನು ಮೆಸೇಜಿನಲ್ಲಿ ಟೈಪ್ ಮಾಡಿ. ಬಿಲ್ಲಿನ ಮೇಲೆ ಮಾತ್ರ ನೀವು ತಿದ್ದಬೇಡಿ.

ಜಿಎಸ್‌ಟಿ ನಂಬರ್ ಇದ್ದರೆ ಅಕ್ಷರ ಎಣಿಸಿ, 15 ಇರಬೇಕು. ಮೊದಲ ಎರಡು ರಾಜ್ಯದ ಅಂಕಿ: ನಮ್ಮದು 29, ಮಹಾರಾಷ್ಟ್ರ 27, ತೆಲಂಗಾಣ 36. ಹೈದರಾಬಾದ್ ಪಾರ್ಟಿಯ ಬಿಲ್ಲಿನಲ್ಲಿ 29 ಕಂಡರೆ ಅಲ್ಲೇ ಕೇಳಿ, ಆ ಪಾರ್ಟಿಗೆ ಇಲ್ಲೂ ನೋಂದಣಿ ಇರಬಹುದು, ಅಥವಾ ಬರೆದವರು ತಪ್ಪಿರಬಹುದು. 14ನೆಯದು ಸಾಮಾನ್ಯವಾಗಿ Z, ಅವಸರದಲ್ಲಿ ಬರೆದರೆ 2ರಂತೆ ಕಾಣುತ್ತದೆ.

6. ವಾಟ್ಸಾಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಚಿಕ್ಕದಾಗಿ, ಸಣ್ಣ ಬರಹ ಮಸುಕಾಗುತ್ತದೆ. ಜೊತೆಗೆ ಪಾರ್ಟಿ ಹೆಸರು, ಬಿಲ್ ತಾರೀಖು ಒಂದು ಸಾಲು ಬರೆಯಿರಿ.

ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹಿಂದಿನ ತಿಂಗಳ ಬಿಲ್ಲೆಲ್ಲ ಬರಲಿ. ತಿಂಗಳಿಗೊಮ್ಮೆ ಫೈಲ್ ಮಾಡುವವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಗಡುವು, ಆ ಕೆಲಸದ ನಡುವೆ 10ರ ರಾತ್ರಿ ಬಂದ ನೂರು ಫೋಟೊ ನೋಡಲು ನಮಗೂ ಕಣ್ಣು ಸಾಲದು.

ಫೋಟೊ ಕಳಿಸಿದಿರಿ ಅಂತ ಮೂಲ ಬಿಲ್ ಎಸೆಯಬೇಡಿ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ದಾಖಲೆ ಇಟ್ಟುಕೊಳ್ಳಬೇಕು ಎಂಬುದು ಕಾನೂನು. ತಿಂಗಳಿಗೊಂದು ಕಟ್ಟು ಮಾಡಿ, ಇಲಿ-ಗೆದ್ದಲು ಹತ್ತದ ಕಡೆ, ನೆಲದಿಂದ ಮೇಲೆ ಇಡಿ.