ಕೈರಾಲಿಟಿ ಮತ್ತು ದ್ಯುತಿ ಸಮಾಂಗಿಗಳು: ಎರಡು ಕೈಗಳ ಪಾಠ

ಎರಡೂ ಅಂಗೈಗಳನ್ನು ಎದುರುಬದುರಾಗಿ ಜೋಡಿಸಿದರೆ ಬೆರಳಿಗೆ ಬೆರಳು ಸರಿಯಾಗಿ ಕೂಡುತ್ತದೆ. ಪ್ರತಿವರ್ಷ ತರಗತಿಯಲ್ಲಿ ಯಾರಾದರೊಬ್ಬರು ಇದನ್ನೇ ತೋರಿಸಿ, ಎಡಗೈ ಬಲಗೈಗಳು ಒಂದರ ಮೇಲೊಂದು ಹೊಂದುತ್ತವಲ್ಲ ಎಂದು ಕೇಳುವುದುಂಟು. ಹೊಂದುವುದಿಲ್ಲ. ಅಲ್ಲಿ ಕಾಣುತ್ತಿರುವುದು ವಸ್ತುವೂ ಅದರ ಕನ್ನಡಿ ಬಿಂಬವೂ ಪರಸ್ಪರ ಎದುರಾಗಿ ನಿಂತಿರುವ ಸ್ಥಿತಿ ಮಾತ್ರ. ಈಗ ಎರಡೂ ಅಂಗೈಗಳನ್ನು ಮೇಜಿನ ಕಡೆಗೆ ಮಾಡಿ, ಬಲಗೈಯ ಮೇಲೆ ಎಡಗೈಯನ್ನಿಡಿ. ಹೆಬ್ಬೆರಳುಗಳು ವಿರುದ್ಧ ದಿಕ್ಕಿಗೆ ಚಾಚಿಕೊಳ್ಳುತ್ತವೆ. ಹೆಬ್ಬೆರಳುಗಳನ್ನು ಹೊಂದಿಸಲೆಂದು ಒಂದು ಕೈಯನ್ನು ಮಗುಚಿದರೆ, ಒಂದರ ಅಂಗೈ ಇರುವ ಕಡೆ ಇನ್ನೊಂದರ ಹಿಂಬದಿ ಬರುತ್ತದೆ. ಹೀಗೆ ತನ್ನ ಕನ್ನಡಿ ಬಿಂಬದೊಡನೆ ಎಲ್ಲ ರೀತಿಯಲ್ಲೂ ಐಕ್ಯವಾಗಲಾರದ ಗುಣವೇ ಕೈರಾಲಿಟಿ. ಗ್ರೀಕಿನಲ್ಲಿ ಕೈಗೆ ಇರುವ ‘ಕೈರ್’ ಎಂಬ ಪದದಿಂದ ಲಾರ್ಡ್ ಕೆಲ್ವಿನ್ ಈ ಹೆಸರನ್ನು ರೂಪಿಸಿದರು. ಅದು ನಮ್ಮ ‘ಕೈ’ಯನ್ನು ಹೋಲುವುದು ಕಾಕತಾಳೀಯವಾದರೂ ನೆನಪಿಟ್ಟುಕೊಳ್ಳಲು ಅನುಕೂಲವೇ.

ಎರಡೂ ಬದಿಗೆ ಒಂದೇ ಬಣ್ಣವಿರುವ ಕಾಗದದಲ್ಲಿ ಎಡಗೈಯ ಆಕಾರವನ್ನು ಕತ್ತರಿಸಿಕೊಳ್ಳಿ. ಮಗುಚಿದೊಡನೆ ಅದು ಬಲಗೈಯಾಗುತ್ತದೆ, ಏಕೆಂದರೆ ಅಂಗೈ ಮತ್ತು ಹಿಂಬದಿಗಳ ನಡುವಿನ ವ್ಯತ್ಯಾಸ ಅಳಿಸಿಹೋಗಿದೆ. ಇಂಗಾಲದ ಪರಮಾಣುವಿನ ಮಟ್ಟದಲ್ಲೂ ಇದೇ ನಡೆಯುತ್ತದೆ. 1874ರಲ್ಲಿ ವ್ಯಾಂಟ್ ಹಾಫ್ ಮತ್ತು ಲೆ ಬೆಲ್ ಪ್ರತ್ಯೇಕವಾಗಿ ಸೂಚಿಸಿದಂತೆ, ಇಂಗಾಲದ ನಾಲ್ಕು ಏಕಬಂಧಗಳು ಚತುಷ್ಫಲಕದ ಮೂಲೆಗಳತ್ತ ಚಾಚಿರುತ್ತವೆ. ಆ ನಾಲ್ಕೂ ತುದಿಗಳಲ್ಲಿ ಬೇರೆಬೇರೆ ಗುಂಪುಗಳಿದ್ದರೆ ಆ ಇಂಗಾಲವು ಕೈರಲ್ ಕೇಂದ್ರವಾಗುತ್ತದೆ. ಯಾವುದಾದರೂ ಎರಡು ಒಂದೇ ಆದರೆ ಅದು ಕಾಗದದ ಕೈಯಂತೆ ತನ್ನ ಬಿಂಬದೊಡನೆ ಹೊಂದಿಕೊಂಡುಬಿಡುತ್ತದೆ.

ಲ್ಯಾಕ್ಟಿಕ್ ಆಮ್ಲವನ್ನು, ಅಂದರೆ CH₃CH(OH)COOH ಅಣುವನ್ನು, ಕೈಯಲ್ಲೇ ಕಟ್ಟಬಹುದು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ, ಉಳಿದೆರಡನ್ನು ಮಡಚಿ. ಹೆಬ್ಬೆರಳು OH, ತೋರುಬೆರಳು COOH, ನಡುಬೆರಳು CH₃ ಎಂದೂ ಹಿಂದೆ ಸರಿದಿರುವ ಮಣಿಕಟ್ಟು H ಎಂದೂ ಇಟ್ಟುಕೊಳ್ಳಿ. ಬೆರಳ ತುದಿಗಳ ಕಡೆಯಿಂದ ಮಣಿಕಟ್ಟಿನತ್ತ ನೋಡುತ್ತ OH, COOH, CH₃ ಎಂಬ ಆದ್ಯತೆಯ ಕ್ರಮದಲ್ಲಿ ಹೆಬ್ಬೆರಳಿನಿಂದ ತೋರುಬೆರಳಿನ ಮೂಲಕ ನಡುಬೆರಳಿಗೆ ಸಾಗಿದರೆ, ದಾರಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುತ್ತದೆ; ಇದು S ವಿನ್ಯಾಸ. ಎಡಗೈಯಲ್ಲಿ ಮಾಡಿದರೆ R. ಬಲಕ್ಕೆ ತಿರುಗುವ ದಾರಿಯನ್ನು ಸೂಚಿಸುವ R ಇಲ್ಲಿ ಎಡಗೈಗೆ ಸಿಕ್ಕಿರುವುದು ಗೊಂದಲಕ್ಕೆ ಕಾರಣವಾಗಬಾರದು: ಬೆರಳುಗಳಿಗೆ ಗುಂಪುಗಳನ್ನು ಹಂಚಿದವರು ನಾವು, ನಿಸರ್ಗವಲ್ಲ.

ಪರಸ್ಪರ ಕನ್ನಡಿ ಬಿಂಬಗಳಾದ ಈ ಎರಡು ಅಣುಗಳು ಎನಾಂಟಿಯೋಮರುಗಳು. ಅವುಗಳ ದ್ರವನ ಬಿಂದು, ಸಾಂದ್ರತೆ ಇತ್ಯಾದಿಗಳು ಒಂದೇ; ಎರಡು ಕೈಗಳ ಬೆರಳುಗಳ ಉದ್ದ ಒಂದೇ ಇರುವಂತೆ. ಆದರೆ ಸಮತಲ ಧ್ರುವೀಕೃತ ಬೆಳಕನ್ನು ಒಂದು ಬಲಕ್ಕೆ ಎಷ್ಟು ತಿರುಗಿಸುತ್ತದೆಯೋ ಇನ್ನೊಂದು ಎಡಕ್ಕೆ ಅಷ್ಟೇ ತಿರುಗಿಸುತ್ತದೆ. ದ್ಯುತಿ ಸಮಾಂಗಿಗಳೆಂಬ ಹೆಸರು ಬಂದದ್ದು ಇದರಿಂದಲೇ. ಸಮಪ್ರಮಾಣದ ರೆಸಿಮಿಕ್ ಮಿಶ್ರಣದಲ್ಲಿ ಎರಡೂ ಪರಿಣಾಮಗಳು ರದ್ದಾಗುತ್ತವೆ. 1848ರಲ್ಲಿ ಲೂಯಿ ಪಾಶ್ಚರ್ ಅಂಥ ಮಿಶ್ರಣದಿಂದ ಬೆಳೆದ ಸೋಡಿಯಂ ಅಮೋನಿಯಂ ಟಾರ್ಟರೇಟ್ ಹರಳುಗಳಲ್ಲಿ ಎಡ ಬಲ ರೂಪಗಳನ್ನು ಗುರುತಿಸಿ, ಒಂದೊಂದಾಗಿ ಕೈಯಿಂದಲೇ ಆರಿಸಿ ಬೇರ್ಪಡಿಸಿದರು. ಎರಡು ರಾಶಿಗಳ ದ್ರಾವಣಗಳು ಬೆಳಕನ್ನು ವಿರುದ್ಧ ದಿಕ್ಕುಗಳಿಗೆ ತಿರುಗಿಸಿದವು.

ಕೈಯ ಹೋಲಿಕೆ ಸೋಲುವ ಜಾಗವೂ ಇದೇ. R ಮತ್ತು S ಅಕ್ಷರಗಳು ಗುಂಪುಗಳ ಜೋಡಣೆಯನ್ನಷ್ಟೇ ಹೇಳುತ್ತವೆ. ಬೆಳಕು ಬಲಕ್ಕೆ ತಿರುಗಿದರೆ (+), ಎಡಕ್ಕೆ ತಿರುಗಿದರೆ (−) ಎಂಬ ಚಿಹ್ನೆಗಳನ್ನು ಪೋಲರಿಮೀಟರಿನಲ್ಲಿ ಅಳೆದೇ ತಿಳಿಯಬೇಕು. S-ಲ್ಯಾಕ್ಟಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಆದರೆ ವಿನ್ಯಾಸವನ್ನು ಕದಲಿಸದೆ ಅದನ್ನು ಸೋಡಿಯಂ ಲವಣವಾಗಿಸಿದರೆ ತಿರುಗುವಿಕೆ ಎಡಕ್ಕಾಗುತ್ತದೆ. ಉತ್ತರಪತ್ರಿಕೆಗಳಲ್ಲಿ R ಎಂದರೆ (+) ಎಂದು ಬರೆಯುವವರು ಈ ಒಂದು ಉದಾಹರಣೆಯನ್ನಾದರೂ ನೆನೆಯಬೇಕು.

ಎರಡು ಕೈಗಳ ವ್ಯತ್ಯಾಸ ಲೋಟ ಹಿಡಿಯುವಾಗ ತಿಳಿಯುವುದಿಲ್ಲ, ಕೈಗವಸು ತೊಡುವಾಗ ಥಟ್ಟನೆ ತಿಳಿಯುತ್ತದೆ. ಲೋಟಕ್ಕೆ ಎಡಬಲಗಳಿಲ್ಲ, ಕೈಗವಸಿಗೆ ಇವೆ. ದೇಹದ ಕಿಣ್ವಗಳೂ ಗ್ರಾಹಕಗಳೂ ಕೈಗವಸುಗಳಂತೆ ಸ್ವತಃ ಕೈರಲ್ ಆದ್ದರಿಂದ ಒಂದೇ ರಚನಾಸೂತ್ರದ ಎರಡು ರೂಪಗಳನ್ನು ಅವು ಬೇರೆಬೇರೆಯಾಗಿ ಕಾಣುತ್ತವೆ. R-ಕಾರ್ವೋನಿಗೆ ಪುದೀನ ಜಾತಿಯ ಸ್ಪಿಯರ್‌ಮಿಂಟ್ ವಾಸನೆ, S-ಕಾರ್ವೋನಿಗೆ ಶಾಹಿ ಜೀರಿಗೆಯ ವಾಸನೆ ಇರುವುದು ಮೂಗಿನ ಗ್ರಾಹಕಗಳ ಈ ಗುಣದಿಂದ.

ಈಗ ಮೊದಲಿನಂತೆ ಅಂಗೈಗಳನ್ನು ಮತ್ತೆ ಜೋಡಿಸಿ. ಪ್ರತಿಯೊಂದು ಕೈಯೂ ಕೈರಲ್, ಆದರೂ ಜೋಡಿಸಿದ ಇಡೀ ಆಕೃತಿಯ ನಡುವೆ ಸಮಮಿತಿಯ ತಲವೊಂದು ಹಾದುಹೋಗುವುದರಿಂದ ಅದು ಕೈರಲ್ ಅಲ್ಲ. ಎರಡು ಕೈರಲ್ ಕೇಂದ್ರಗಳಿದ್ದೂ ಬೆಳಕನ್ನು ತಿರುಗಿಸದ ಮೀಸೋ ಟಾರ್ಟಾರಿಕ್ ಆಮ್ಲದ ಒಂದು ಕೇಂದ್ರ R, ಇನ್ನೊಂದು S ಆಗಿರುವುದು ಹೀಗೆಯೇ. ಮುಂದಿನ ತರಗತಿಗೆ ಬರುವ ಮೊದಲು 2-ಪ್ರೊಪನಾಲ್ ಮತ್ತು 2-ಬ್ಯುಟನಾಲ್‌ಗಳನ್ನು ಬೆರಳುಗಳ ಮೇಲೆ ಕಟ್ಟಿ, ಯಾವುದರಲ್ಲಿ ಎರಡು ಬೆರಳುಗಳಿಗೆ ಒಂದೇ ಹೆಸರು ಬರುತ್ತದೆ ಎಂಬುದನ್ನು ಬರೆದು ತನ್ನಿ.